ಬ್ರಾಯ್ಲರ್ ಬ್ಯಾಚ್ ಲೆಕ್ಕ: ಮಾಡಬೇಕಾದ್ದು, ಮಾಡಬಾರದ್ದು

ಕೊಟ್ಟಿಗೆಹಾರದ ಸುತ್ತ ಸ್ವಂತ ದುಡ್ಡು ಹಾಕಿ ಕೋಳಿ ಸಾಕುವವರಿಗೆ ಈ ಸೂಚನೆ. ಕಂಪನಿ ಗುತ್ತಿಗೆಯಲ್ಲಿ ಸಾಕುವವರ ಲೆಕ್ಕ ಬೇರೆ. ಇಲ್ಲಿನ ಅಂಕಿಗಳು ಉದಾಹರಣೆಗೆ ಹಿಡಿದ ಒಂದು ಮಳೆಗಾಲದ ಬ್ಯಾಚಿನವು.

ಮಾಡಬೇಕಾದ್ದು: ಮರಿ ಬಂದ ಹೊತ್ತಿಗೇ ಪೆಟ್ಟಿಗೆ ಬಿಚ್ಚಿ ಎಣಿಸಿ. ಬಿಲ್ಲಿನಲ್ಲಿ 1000 ಇದ್ದು, ನೂರಕ್ಕೆ ಎರಡು ಹೆಚ್ಚು ಬಂದಿದ್ದರೆ ಪುಸ್ತಕದಲ್ಲಿ 1020 ಎಂದೇ ಇರಲಿ. ಕೊನೆಗೆ 940 ಮಾರಿದರೆ ಸತ್ತದ್ದು 80, ಶೇ 7.8.

ಮಾಡಬಾರದ್ದು: ‘ಸಾವಿರದಲ್ಲಿ ಅರವತ್ತು ಹೋಯ್ತು, ಶೇ 6’ ಎಂದು ಬರೆಯಬೇಡಿ. ಸಾರಿಗೆ ಕೊಯ್ದ ಕೋಳಿಯನ್ನು ಸಾವಿನ ಪಟ್ಟಿಗೆ ತಳ್ಳಬೇಡಿ. ತೂಗಿ, ಅವತ್ತಿನ ದರ ಹಾಕಿ ಮಾರಾಟಕ್ಕೆ ಬರೆಯಿರಿ. ನೆಂಟರ ಮನೆಗೆ ಹೋದದ್ದೂ ಇದಕ್ಕೆ ಸೇರಿತು.

ಮಾಡಬೇಕಾದ್ದು: ಎಫ್‌ಸಿಆರ್‌ಗೆ ಖರ್ಚಾದ ಫೀಡನ್ನಷ್ಟೇ ಹಿಡಿಯಿರಿ. 50 ಕೆಜಿಯ 65 ಚೀಲ ಬಂದು 2 ಉಳಿದರೆ ಖರ್ಚು 3150 ಕೆಜಿ. ಶೆಡ್ಡಿನ ಬಾಗಿಲಲ್ಲಿ ತೂಗಿ ಮಾರಿದ್ದು 1880 ಕೆಜಿ. ಭಾಗಿಸಿದರೆ 1.68. ಚೆಲ್ಲಿದ್ದು, ಥಂಡಿಗೆ ಬೂಸ್ಟು ಹಿಡಿದು ಎಸೆದದ್ದು ಖರ್ಚಿನಲ್ಲೇ ಇರಲಿ, ಕಳೆಯಬೇಡಿ.

ಸಾವನ್ನು ತಾರೀಖು, ತೂಕದ ಸಮೇತ ಬರೆಯಲೇಬೇಕು. ಮೊದಲ ವಾರ ಸತ್ತ ಮರಿ ಹೆಚ್ಚು ತಿಂದಿರುವುದಿಲ್ಲ. ಐದನೇ ವಾರ ಸಾಯುವ ಕೋಳಿ ಬಹುಪಾಲು ಫೀಡ್ ತಿಂದು ಮುಗಿಸಿರುತ್ತದೆ. ಈ ಬ್ಯಾಚಿನ 80ರಲ್ಲಿ 40 ಮೊದಲ ವಾರದವು, 40 ಐದನೇ ವಾರದವು. ಆ ಕೊನೆಯ ನಲವತ್ತರ ತೂಕ ತಲಾ 1.7ರಂತೆ 68 ಕೆಜಿ. ಅದನ್ನೂ ಸೇರಿಸಿ ನೋಡಿದರೆ ಎಫ್‌ಸಿಆರ್ 1.62. ಅಂದರೆ ಫೀಡ್ ಕೆಟ್ಟಿಲ್ಲ, ಕೆಡಿಸಿದ್ದು ತಡವಾದ ಸಾವು. ಎರಡೂ ಅಂಕಿ ಹೆಚ್ಚಿದ್ದರೆ ಮಾತ್ರ ಫೀಡರಿನ ಎತ್ತರ, ಚೆಲ್ಲುವಿಕೆ, ಚಳಿ ನೋಡಿ.

ತಡವಾದ ಸಾವಿಗೆ ನಮ್ಮಲ್ಲಿ ಮೊದಲು ಅನುಮಾನಿಸಬೇಕಾದ್ದು ಪರದೆಯನ್ನು. ಸೋನೆ ಹಿಡಿದರೆ ನಾಲ್ಕೂ ಕಡೆ ಇಳಿಸಿ ಕಟ್ಟಿಬಿಡುತ್ತೇವೆ. ಹಾಸಿದ ಹೊಟ್ಟು ನೆನೆದು, ಬೆಳಿಗ್ಗೆ ಒಳಗೆ ಹೋದರೆ ಕಣ್ಣು ಉರಿಯುತ್ತದೆ. ಮೇಲುಗಡೆ ಗಾಳಿಗೆ ಜಾಗ ಬಿಡಿ. ಸತ್ತ ಕೋಳಿಯ ಹೊಟ್ಟೆ ಉಬ್ಬಿ, ಒಳಗೆ ಹಳದಿ ನೀರು ಕಂಡರೆ ಗಾಳಿಯ ಕೊರತೆಯೂ ಕಾರಣವಿರಬಹುದು. ಹಿಕ್ಕೆಯಲ್ಲಿ ರಕ್ತವಿದ್ದರೆ ರೋಗ ಬೇರೆ. ಪಶುವೈದ್ಯರಿಗೆ ತೋರಿಸದೆ ಔಷಧಿ ಹಾಕಬೇಡಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯಕೂಡದು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಲಾಭದ ಲೆಕ್ಕ: ಮರಿಗೆ 40,000, ಫೀಡಿಗೆ ಕೆಜಿಗೆ 42ರಂತೆ 1,32,300, ಔಷಧಿ, ಹೊಟ್ಟು, ಇದ್ದಿಲು, ಕರೆಂಟು, ಆಳಿಗೆ 12,000. ಒಟ್ಟು 1,84,300 ರೂಪಾಯಿ. ಕೆಜಿಗೆ 105ರಂತೆ ಬಂದದ್ದು 1,97,400. ಉಳಿದದ್ದು 13,100, ಮಾರಿದ ಕೋಳಿಗೆ 13.94 ರೂಪಾಯಿ. ಮನೆಯವರ ದುಡಿಮೆಗೆ ಕೂಲಿ ಹಾಕದೆ ಇದನ್ನು ಲಾಭ ಎನ್ನಬೇಡಿ.

ವ್ಯಾಪಾರಿಗೆ ದರ ಒಪ್ಪುವ ಮುಂಚೆ ಕೆಜಿಗೆ ಬಿದ್ದ ಅಸಲು ಗೊತ್ತಿರಬೇಕು. ಇಲ್ಲಿ ಅದು 98 ರೂಪಾಯಿ. ದರ ಒಂದು ರೂಪಾಯಿ ಇಳಿದರೂ 1880 ರೂಪಾಯಿ ಹೋಯಿತು. ಹಾಗೆಂದು ದರ ಏರಲೆಂದು ದಿನ ದೂಡುವವರು ಆ ದಿನಗಳ ಫೀಡನ್ನೂ ಸಾವನ್ನೂ ಇದೇ ಬ್ಯಾಚಿಗೆ ಬರೆಯಬೇಕು, ಮುಂದಿನದಕ್ಕಲ್ಲ.