ಹದಿನೆಂಟು ಮೊಲಾರ್, ಐನೂರು ಮೊಲಾಲ್

ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆಂದು ಮಸ್ಕಿಯಿಂದ ಸಿಂಧನೂರಿನ ಒಂದು ಕಾಲೇಜಿಗೆ ಎಕ್ಸ್‌ಟರ್ನಲ್ ಆಗಿ ಹೋಗಿದ್ದೆ. ಮೋರ್ ಸಾಲ್ಟ್ ಮತ್ತು ಪರ್ಮಾಂಗನೇಟ್ ಟೈಟ್ರೇಶನ್. ಅಲ್ಲಿ ನಡೆದದ್ದನ್ನು ಲ್ಯಾಬಿನಲ್ಲಿ ಆಸಿಡ್ ಕಲಸುವ ಎಲ್ಲರೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಆ ಮಕ್ಕಳ ಮೇಲೆ ಹೊರಿಸಿದ ತಪ್ಪು ಅವರದಾಗಿರಲಿಲ್ಲ ಎಂಬುದೂ ದಾಖಲಾಗಬೇಕು.

ಬ್ಯೂರೆಟ್‌ನಿಂದ ಪರ್ಮಾಂಗನೇಟ್ ಬಿಡುತ್ತಾ ಹೋದರೆ ಕೊನೆಗೆ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ನಿಲ್ಲಬೇಕು. ಮೊದಲ ಸಾಲಿನಲ್ಲಿದ್ದ ಲಿಂಗಸುಗೂರು ಕಡೆಯ ಹುಡುಗಿಯ ಫ್ಲಾಸ್ಕಿನಲ್ಲಿ ಗುಲಾಬಿಯ ಬದಲು ಕದಡಿದ ಕಂದು ಬಣ್ಣ ಬಂತು. ಚೆಲ್ಲಿ, ತೊಳೆದು ಮತ್ತೆ ಮಾಡಿದಳು. ಮತ್ತೆ ಕಂದು. ಪಕ್ಕದವನದ್ದೂ ಅದೇ, ಹಿಂದಿನ ಸಾಲಿನದ್ದೂ ಅದೇ. ಅವಳು ಪಿಪೆಟ್ ಕೆಳಗಿಟ್ಟು ಅಳತೊಡಗಿದಳು. ಅಲ್ಲಿಯ ಹಿರಿಯ ಉಪನ್ಯಾಸಕರು ಕುರ್ಚಿಯಿಂದ ಏಳಲೇ ಇಲ್ಲ. “ಹುಡುಗ್ರು ಗಡಿಬಿಡಿ ಮಾಡಿ ಬಿಡಾಕತ್ತಾರ್ರಿ ಸರ, ಅದಕ ಹಂಗಾಗೈತಿ. ರೀಡಿಂಗ್ ನೋಡಿ ಮಾರ್ಕ್ಸ್ ಹಾಕ್ರಿ” ಎಂದರು. ನಾನು ಹಾಕಲಿಲ್ಲ. ಒಬ್ಬರ ಕೈ ತಪ್ಪಬಹುದು, ಇಡೀ ಬ್ಯಾಚಿನ ಕೈ ಒಂದೇ ರೀತಿ ತಪ್ಪುವುದಿಲ್ಲ.

ಪರ್ಮಾಂಗನೇಟ್‌ಗೆ ಆಸಿಡ್ ಸಾಲದೇ ಹೋದಾಗ ಅದು ಬಣ್ಣವಿಲ್ಲದ ಮ್ಯಾಂಗನೀಸ್ ಅಯಾನಾಗುವ ಬದಲು ಅರ್ಧಕ್ಕೇ ನಿಂತು ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಆ ಕಂದು ಅದರದ್ದು. ಹಾಗಾಗಿ ನೇರ ಆಸಿಡ್ ಬಾಟಲಿಯ ಹತ್ತಿರ ಹೋದೆ. ಚೀಟಿಯ ಮೇಲೆ 2 M ಎಂದಿತ್ತು. ಹೇಗೆ ಕಲಸಿದಿರಿ ಎಂದರೆ ಆ ಹಿರಿಯರು ತಮ್ಮ ನೋಟ್‌ಬುಕ್ ತೋರಿಸಿದರು:

500 × V = 2 × 1000, V = 4 ml

ಲೀಟರಿಗೆ ನಾಲ್ಕೇ ಮಿಲಿ! ಐನೂರು ಎಲ್ಲಿಂದ ಬಂತೆಂದರೆ, ತರಗತಿಯಲ್ಲಿ ಮಾಡಿಸಿದ್ದ ಲೆಕ್ಕದಿಂದ. ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಮೊಲಾಲಿಟಿ.

ಅಂಗಡಿಯಿಂದ ಬರುವ ಸಲ್ಫ್ಯೂರಿಕ್ ಆಸಿಡ್ ತೂಕದಲ್ಲಿ ಶೇಕಡಾ 98. ಅಂದರೆ 100 ಗ್ರಾಮಿನಲ್ಲಿ 98 ಗ್ರಾಮ್ ಆಸಿಡ್, ಅದು ಹೆಚ್ಚುಕಡಿಮೆ 1 ಮೋಲ್. ಉಳಿದ ನೀರು ಬರೀ 2 ಗ್ರಾಮ್. ಮೊಲಾಲಿಟಿ ಎಣಿಸುವುದು ಒಂದು ಕಿಲೋ ನೀರಿಗೆ ಎಷ್ಟು ಮೋಲ್ ಎಂದು. 2 ಗ್ರಾಮಿಗೆ 1 ಮೋಲ್ ಆದರೆ ಕಿಲೋಗೆ 500. ನೀರು ಅಷ್ಟು ಕಡಿಮೆ ಇರುವುದರಿಂದಲೇ ಸಂಖ್ಯೆ ಅಷ್ಟು ದೊಡ್ಡದು. ಮೋಲ್ ಫ್ರ್ಯಾಕ್ಷನ್ ತೆಗೆದರೂ ಇದೇ ಕಾಣುತ್ತದೆ: ಆಸಿಡ್ 1 ಮೋಲ್, ನೀರು 2 ಭಾಗಿಸು 18, ಅಂದರೆ 0.11 ಮೋಲ್, ಒಟ್ಟಿನಲ್ಲಿ ಆಸಿಡ್ಡಿನ ಪಾಲು 0.9.

ಆದರೆ ನಾವು ಜಾರಿನಲ್ಲಿ ಅಳೆಯುವುದು ಗಾತ್ರವನ್ನು. ಗಾತ್ರಕ್ಕೆ ಬರಬೇಕಾದರೆ ಸಾಂದ್ರತೆ ಬೇಕು, ಅದು 1.84. ಒಂದು ಲೀಟರ್ ಆಸಿಡ್ 1840 ಗ್ರಾಮ್ ತೂಗುತ್ತದೆ, ಅದರ ಶೇಕಡಾ 98 ಎಂದರೆ ಸುಮಾರು 1803 ಗ್ರಾಮ್, 98ರಿಂದ ಭಾಗಿಸಿದರೆ 18.4 ಮೋಲ್. M1V1 = M2V2 ನಿಲ್ಲುವುದು ಈ 18.4ರ ಮೇಲೆ. 2000 ಭಾಗಿಸು 18.4, ಲೀಟರಿಗೆ 109 ಮಿಲಿ. ಅವರು ಕಲಸಿದ್ದು 0.07 M ಮಾತ್ರ. ಹತ್ತು ಮಿಲಿ 0.1 M ಮೋರ್ ಸಾಲ್ಟ್‌ಗೆ 1.6 ಮಿಲಿಮೋಲ್ ಹೈಡ್ರೋಜನ್ ಅಯಾನು ಬೇಕು. ಆ ನೀರಾಸಿಡ್ಡಿನ ಹತ್ತು ಮಿಲಿ ಕೊಡುವುದು ಹೆಚ್ಚೆಂದರೆ 1.5. ಸರಿಯಾದ 2 M ಆಸಿಡ್ ಕೊಡುತ್ತಿದ್ದದ್ದು 40.

ಪರೀಕ್ಷೆ ನಿಲ್ಲಿಸಿದೆ. ತಣ್ಣೀರಿನ ಟಬ್ಬಿನಲ್ಲಿ ಬೀಕರ್ ಇಟ್ಟು, ಮುಕ್ಕಾಲು ಲೀಟರ್ ನೀರಿಗೆ 109 ಮಿಲಿ ಆಸಿಡ್ಡನ್ನು ಸಣ್ಣಗೆ ಬಿಡುತ್ತಾ ಕಲಕಿದೆ. ಆಸಿಡ್ಡಿಗೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ, ಎಂದೂ ಹಾಕಬಾರದು. ಬೀಕರ್ ಮುಟ್ಟಲಾಗದಷ್ಟು ಕಾದಿತು. ನಾಲ್ಕು ಮಿಲಿ ಕಲಸಿದವರಿಗೆ ಬಿಸಿಯೇ ತಾಗಿರಲಿಕ್ಕಿಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ತಣ್ಣಗಾದ ಮೇಲೆಯೇ ಲೀಟರಿನ ಗೆರೆಗೆ ನೀರು ತುಂಬಿದೆ. ಬಿಸಿಯಿದ್ದಾಗ ತುಂಬಿದರೆ ಆಮೇಲೆ ಗಾತ್ರ ಇಳಿಯುತ್ತದೆ. ಆ ಹುಡುಗಿ ಮತ್ತೆ ಮಾಡಿದಳು, ಒಂದೇ ಹನಿಗೆ ಗುಲಾಬಿ ನಿಂತಿತು.

ಕಲಸಿದ್ದು ಸರಿಯೇ ಎಂದು ನೋಡಲು ತಕ್ಕಡಿ ಸಾಕು: 2 M ಆಸಿಡ್ 100 ಮಿಲಿ ಸುಮಾರು 112 ಗ್ರಾಮ್ ತೂಗಬೇಕು, 100ರ ಹತ್ತಿರ ತೂಗಿದರೆ ಅದು ಬರೀ ನೀರಿಗೆ ಸಮ. ಸ್ಟಾಕ್ ಬಾಟಲಿಯ ಚೀಟಿಯ ಮೇಲೆ ಶೇಕಡಾ, ಸಾಂದ್ರತೆ, ಮೊಲಾರಿಟಿ ಮೂರನ್ನೂ ಬರೆದಿಡಿ.

ಆ ಹಿರಿಯರು ತಪ್ಪು ಒಪ್ಪಲಿಲ್ಲ. “ಆಸಿಡ್ ಮುಗಿದಿದ್ದರಿಂದ ಹೊಸದು ಕಲಸಲಾಯಿತು” ಎಂದು ವರದಿಯಲ್ಲಿ ಬರೆದರು. ನಾನು ಅದರ ಕೆಳಗೆ ಎರಡೂ ಲೆಕ್ಕ ಬರೆದು ಸಹಿ ಹಾಕಿದೆ.