ಚಾರ್ಜ್ ಇದ್ದೂ ಗಾಡಿ ನಿಂತರೆ

20 ಪರ್ಸೆಂಟ್ ತೋರಿಸುತ್ತಿದ್ದ ಎಲೆಕ್ಟ್ರಿಕ್ ಸ್ಕೂಟರ್ ಏರು ಹತ್ತುವಾಗ ದಿಢೀರನೆ ಆಫ್ ಆದರೆ ಮೊದಲೇ ಮೋಟಾರನ್ನು ಬೈಯಬೇಡಿ. ಪ್ಯಾಕಿನಲ್ಲಿ 16 ಎಲ್‌ಎಫ್‌ಪಿ ಸೆಲ್‌ಗಳು ಸಾಲಾಗಿವೆ ಎಂದುಕೊಳ್ಳಿ. ಹದಿನೈದು 3.1 ವೋಲ್ಟ್‌ನಲ್ಲಿವೆ, ಒಂದು ಮಾತ್ರ 2.5ಕ್ಕೆ ಇಳಿದಿದೆ. ಒಟ್ಟು 49 ವೋಲ್ಟ್, ನೋಡಲು ಚೆನ್ನಾಗೇ ಇದೆ. ಆದರೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಒಂದೊಂದು ಸೆಲ್ಲನ್ನೂ ಬೇರೆಯಾಗಿ ಅಳೆಯುತ್ತದೆ. ಒಂದೇ ಒಂದು ಮಿತಿ ಮುಟ್ಟಿದರೂ ಕರೆಂಟ್ ಕಡಿಯುತ್ತದೆ. ಇನ್ನೂ ಕೆಳಗೆ ಎಳೆದರೆ ಆ ಸೆಲ್ಲಿನೊಳಗಿನ ತಾಮ್ರದ ಹಾಳೆ ಕರಗತೊಡಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆದೀತು.

ಸೆಲ್‌ಗಳನ್ನು ಸಮ ಮಾಡುವ ಕೆಲಸವೂ ಬಿಎಂಎಸ್‌ನದೇ. ಸಾಮಾನ್ಯ ಬಿಎಂಎಸ್, ಮೊದಲು ತುಂಬಿದ ಸೆಲ್ಲಿನ ಹೆಚ್ಚುವರಿಯನ್ನು ರೆಸಿಸ್ಟರ್‌ನಲ್ಲಿ ಶಾಖವಾಗಿ ಕಳೆಯುತ್ತದೆ, ಹಿಂದುಳಿದವು ಬಂದು ಸೇರಲಿ ಎಂದು. ಬಲು ನಿಧಾನ: 50 ಮಿಲಿಆಂಪ್‌ನಲ್ಲಿ 1 ಆಂಪ್‌ಅವರ್ ವ್ಯತ್ಯಾಸ ತೀರಲು 20 ಗಂಟೆ ಬೇಕು. ಅದೂ ಬಹುತೇಕ ಚಾರ್ಜಿಂಗಿನ ಕೊನೆಯಲ್ಲಷ್ಟೇ. ಸದಾ ಎಂಬತ್ತಕ್ಕೇ ಪ್ಲಗ್ ಕೀಳುವವರ ಪ್ಯಾಕಿಗೆ ಆ ಘಟ್ಟವೇ ಬರುವುದಿಲ್ಲ. ಆಗಾಗ ಪೂರ್ತಿ ತುಂಬಿಸಿ, ಕೈಪಿಡಿ ಒಪ್ಪಿದರೆ ಇನ್ನೊಂದೆರಡು ಗಂಟೆ ಪ್ಲಗ್‌ನಲ್ಲೇ ಬಿಡಿ. ಕಟ್ ಆದ ಗಾಡಿಯನ್ನಂತೂ ಅಂದೇ ಚಾರ್ಜಿಗೆ ಹಾಕಿ. ಬಿಎಂಎಸ್ ಕೂಡ ಆ ಸೆಲ್‌ಗಳಿಂದಲೇ ಚೂರುಪಾರು ಕರೆಂಟ್ ಕುಡಿಯುತ್ತಿರುತ್ತದೆ. ಇಷ್ಟಾದ ಮೇಲೂ ಪ್ರತಿಸಲ ಅದೇ ಸೆಲ್ ಮೊದಲು ಬೀಳುತ್ತಿದ್ದರೆ ಅದರ ಸಾಮರ್ಥ್ಯವೇ ಕುಸಿದಿರಬಹುದು. ಬ್ಯಾಲೆನ್ಸಿಂಗ್‌ನಿಂದ ಅದು ಸರಿಹೋಗದು, ಸರ್ವಿಸ್‌ನವರಿಗೆ ತೋರಿಸಿ.