ಗೋಡೆಯ ಬುಡಕ್ಕೆ ತೇವ: ಟೈಲ್ಸ್ ಹಚ್ಚಿದರೆ ಹೋದೀತೆ?

ಪ್ರಶ್ನೆ: ನಮ್ಮದು ಅರವತ್ತು ವರ್ಷ ಹಳೆಯ ಮನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ನಡುಮನೆಯ ಗೋಡೆಯಲ್ಲಿ ಎರಡೂವರೆ ಅಡಿಯವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿತ್ತು. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಕಲೆ ನಾಲ್ಕು ಅಡಿಗೆ ಏರಿದೆ. ಮೇಸ್ತ್ರಿ ಟೈಲ್ಸ್ ಹಚ್ಚಿಬಿಡಿ ಎನ್ನುತ್ತಾರೆ. ಈಗ ಡಿಪಿಸಿ ಹಾಕಿಸಲು ಸಾಧ್ಯವೇ? — ಮೈಸೂರಿನ ಓದುಗರು

ಉತ್ತರ: ಟೈಲ್ಸ್ ಬೇಡ. ನೆಲದ ನೀರನ್ನು ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳು ಮೇಲಕ್ಕೆ ಹೀರುತ್ತವೆ. ಏರಿದಷ್ಟು ನೀರೂ ಗೋಡೆಯ ಮೈಯಿಂದ ಆರಿಹೋಗುವ ಎತ್ತರಕ್ಕೆ ತೇವ ನಿಲ್ಲುತ್ತದೆ. ನೀವು ಸಿಮೆಂಟ್ ಬಳಿದು ಆರುವ ದಾರಿಯನ್ನೇ ಮುಚ್ಚಿದಿರಿ, ತೇವ ಆರಲು ಜಾಗ ಹುಡುಕಿಕೊಂಡು ಮೇಲೆ ಹೋಯಿತು. ಟೈಲ್ಸ್ ಹಚ್ಚಿದರೆ ಅದರ ಮೇಲಂಚಿನಲ್ಲಿ ಹೊಸ ಕಲೆ ಏಳುತ್ತದೆ. ಆ ಬಿಳಿ ಪುಡಿ ನೀರು ಮಣ್ಣಿನಿಂದ ಹೊತ್ತು ತಂದ ಉಪ್ಪು.

ಮೊದಲು ಇದು ಕೆಳಗಿನಿಂದಲೇ ಏರುತ್ತಿರುವ ತೇವವೇ ಎಂದು ಖಚಿತ ಮಾಡಿಕೊಳ್ಳಿ. ನೆಲದಿಂದ ಅರ್ಧ ಅಡಿ, ಎರಡಡಿ, ನಾಲ್ಕಡಿ ಎತ್ತರದಲ್ಲಿ ಒಂದೊಂದು ತೂತು ಕೊರೆಸಿ. ಪ್ಲಾಸ್ಟರಿನ ಪುಡಿ ಬಿಟ್ಟು, ಒಳಗಿನ ಇಟ್ಟಿಗೆಯ ಪುಡಿಯನ್ನು ಮುಚ್ಚಳವಿರುವ ಡಬ್ಬಿಗಳಲ್ಲಿ ಹಿಡಿದು ತೂಗಿ. ಚೆನ್ನಾಗಿ ಒಣಗಿಸಿ ಮತ್ತೆ ತೂಗಿ. ಬುಡದ ಪುಡಿಯ ತೂಕ ಹೆಚ್ಚು ಇಳಿದು, ಮೇಲೆ ಹೋದಂತೆ ಕಡಿಮೆಯಾದರೆ ಅನುಮಾನವಿಲ್ಲ. ಒಂದೇ ಕಡೆ ಒದ್ದೆಯಿದ್ದರೆ ಪೈಪು ಸೋರುತ್ತಿರಬಹುದು. ಕೈಯಲ್ಲಿ ಹಿಡಿಯುವ ತೇವದ ಮೀಟರನ್ನು ಮಾತ್ರ ನಂಬಬೇಡಿ, ಉಪ್ಪು ಕಟ್ಟಿದ ಗೋಡೆ ಒಣಗಿದ್ದರೂ ಅದು ತೇವವೆಂದೇ ತೋರಿಸುತ್ತದೆ.

ಆಮೇಲೆ ಹೊರಗೆ ಹೋಗಿ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿ, ಅಂಗಳಕ್ಕೂ ಮಣ್ಣು ತುಂಬಿ, ಮನೆಯೇ ತಗ್ಗಿಗೆ ಬಿದ್ದ ಹಳೆಯ ಬೀದಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣು ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಇಲ್ಲವಾದರೆ ಗೋಡೆಯ ಪಕ್ಕದ ಮಣ್ಣು ತೆಗೆಸಿ, ಮಳೆನೀರು ದೂರ ಹರಿಯುವಂತೆ ಇಳಿಜಾರು ಕೊಡಿಸಿ. ಎಷ್ಟೋ ಮನೆಗಳಲ್ಲಿ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಡಿಪಿಸಿ. ನಿಮ್ಮಂಥ ಇಟ್ಟಿಗೆ ಗೋಡೆಗೆ ಸಿಲೇನ್ ಅಥವಾ ಸಿಲಾಕ್ಸೇನ್ ಕ್ರೀಮನ್ನು ಗೋಡೆಯೊಳಗೆ ತುಂಬುವ ವಿಧಾನ ಹೊಂದುತ್ತದೆ. ಒಳನೆಲದ ಮಟ್ಟಕ್ಕೆ ಹತ್ತಿರದ, ಹೊರಗಿನ ಮಣ್ಣಿಗಿಂತ ಅರ್ಧ ಅಡಿ ಮೇಲಿರುವ ಒಂದೇ ಗಾರೆಯ ಸಾಲು ಹಿಡಿದು, ಸುಮಾರು 12 ಸೆಂ.ಮೀ.ಗೊಂದು 12 ಮಿ.ಮೀ. ತೂತು ಕೊರೆಯಬೇಕು. ಆಚೆ ಮೈಗೆ ಒಂದೂವರೆ ಇಂಚು ಉಳಿಯುವಷ್ಟು ಆಳವಿರಲಿ. ಇಟ್ಟಿಗೆಯನ್ನಲ್ಲ, ಗಾರೆಯನ್ನೇ ಕೊರೆಯಬೇಕು, ಏಕೆಂದರೆ ತೇವ ಉದ್ದಕ್ಕೂ ಸಾಗುವ ದಾರಿ ಅದೇ. ತೂತಿನ ಪುಡಿ ತೆಗೆದು ಕ್ರೀಮನ್ನು ತಳದಿಂದ ಬಾಯವರೆಗೆ ತುಂಬಬೇಕು. ಅದು ಸುತ್ತ ಹರಡಿ ರಂಧ್ರಗಳ ಮೈಗೆ ನೀರು ಹತ್ತದಂತೆ ಮಾಡುತ್ತದೆ. ಸಾಲು ಎಲ್ಲೂ ಕಡಿಯಬಾರದು. ಮೂಲೆಯಲ್ಲಿ, ಅಡ್ಡಗೋಡೆ ಸೇರುವಲ್ಲಿ ಒಂದು ಗೇಣು ಬಿಟ್ಟರೂ ತೇವ ಅಲ್ಲಿಂದ ಏರುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಇದರ ನಂತರ. ಹಳೆಯ ಸಿಮೆಂಟನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ, ನೀರು ಹಾಕಿದರೆ ಅದು ಮತ್ತೆ ಒಳಗಿಳಿಯುತ್ತದೆ. ಗೋಡೆ ಇಂಚಿಗೆ ಒಂದು ತಿಂಗಳ ಲೆಕ್ಕದಲ್ಲಿ ಆರುತ್ತದೆ ಎನ್ನುವುದು ಕೆಲಸದವರ ಅಂದಾಜು, ಅಂದರೆ ನಿಮಗೆ ಒಂಬತ್ತು ತಿಂಗಳು. ಅಷ್ಟು ಕಾಯಲಾಗದಿದ್ದರೆ ಸುಣ್ಣದ ಗಾರೆ ಬಳಿಸಿ. ಉಳಿದ ಉಪ್ಪನ್ನು ಅದು ಹೀರಿಕೊಳ್ಳುತ್ತದೆ, ಒಂದೆರಡು ವರ್ಷಕ್ಕೆ ಕೆತ್ತಿ ಹೊಸದಾಗಿ ಬಳಿಯಬೇಕಾದರೂ ಬೇಸರಪಡಬೇಡಿ. ಯಾವ ಗಾರೆಯೂ ನೆಲಕ್ಕೆ ತಾಗದಿರಲಿ. ತಾಗಿದರೆ ಡಿಪಿಸಿಯನ್ನು ದಾಟಿಕೊಂಡು ತೇವ ಮೇಲೇರಲು ಅದೇ ಏಣಿ.

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆ, ಕಲ್ಲಿನ ತಳಪಾಯ. ಗೋಡೆ ಕೊಯ್ದು ಪ್ಲಾಸ್ಟಿಕ್ ಹಾಳೆ ಕೂರಿಸಬಹುದು ಎನ್ನುತ್ತಾರೆ. ಮಾಡಿಸಲೇ? — ಸಾಗರದ ಓದುಗರು

ಉತ್ತರ: ಮಾಡಿಸಬೇಡಿ. ಅದು ನೇರ ಸಾಲುಗಳಿರುವ ಇಟ್ಟಿಗೆ ಗೋಡೆಯ ವಿಧಾನ. ಅಲ್ಲಿಯೂ ಮೂರಡಿ ಮೀರದ ತುಂಡು ಕೊಯ್ದು, ಹಾಳೆ ತೂರಿಸಿ, ಗಾರೆ ಬಿಗಿಯಾಗಿ ತುಂಬಿ, ಅದು ಗಟ್ಟಿಯಾದ ಮೇಲೆಯೇ ಪಕ್ಕದ ತುಂಡಿಗೆ ಕೈಹಾಕಬೇಕು. ಒದ್ದೆಯಾದ ಮಣ್ಣಿನ ಗೋಡೆಯ ಬುಡ ಮೊದಲೇ ಮೆತ್ತಗಿರುತ್ತದೆ, ಗರಗಸದ ನಡುಕಕ್ಕೆ ಕುಸಿಯಬಹುದು. ರಾಸಾಯನಿಕ ತುಂಬುವುದೂ ಬೇಡ, ತುಂಬಲು ಗಾರೆಯ ಸಾಲೇ ಇಲ್ಲವಲ್ಲ.

ನಿಮ್ಮ ಕಡೆಯ ಮಳೆಗೆ ಸೂರಿನ ನೀರೇ ದೊಡ್ಡ ಕಾರಣವಿರಬಹುದು. ಮಳೆ ಸುರಿಯುವಾಗ ಸೂರಿನ ಹನಿ ಎಲ್ಲಿ ಬೀಳುತ್ತದೆ ನೋಡಿ. ಗೋಡೆಯಿಂದ ಎರಡಡಿಯೊಳಗೆ ಬಿದ್ದು ಚಿಮ್ಮುತ್ತಿದ್ದರೆ ದೋಣಿ ಕಟ್ಟಿಸಿ, ಇಲ್ಲವೇ ಹಂಚಿನ ಸಾಲು ಮುಂದಕ್ಕೆ ಚಾಚಿಸಿ. ಗೋಡೆಗೆ ಸಿಮೆಂಟ್ ಬಳಿದಿದ್ದರೆ ತೆಗೆಸಿ ಮಣ್ಣು, ಸುಣ್ಣ ಬಳಿಯಿರಿ. ಬುಡದಲ್ಲಿ ಬೆರಳು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿದ್ದರೆ ಮೊದಲು ಮಾಡಿಗೆ ಊರೆ ಕೊಡಿಸಿ, ಇಂಜಿನಿಯರನ್ನು ಕರೆಸಿ. ಆ ಭಾಗವನ್ನು ತುಂಡು ತುಂಡಾಗಿ ಕಲ್ಲಿನಲ್ಲಿ ಮತ್ತೆ ಕಟ್ಟಬೇಕಾಗಬಹುದು.